ತಿಂಗಳಿಗೆ ಹದಿಮೂರು ಕಂತು: ಕಿರುವಿಡಿಯೊ ಧಾರಾವಾಹಿಗೊಂದು ಪಂಚಾಂಗ

ಒಂದು ನಿಮಿಷದ ಆಸುಪಾಸಿನ ಕಂತುಗಳು, ಪ್ರತಿ ಸಲವೂ ಅದೇ ನಾಲ್ಕೈದು ಪಾತ್ರಗಳು, ಹಬ್ಬ ಹರಿದಿನ ಬಂದಾಗ ಅದಕ್ಕೆ ತಕ್ಕ ಪ್ರಸಂಗ. ಯೂಟ್ಯೂಬ್ ಶಾರ್ಟ್ಸ್ ಮತ್ತು ಇನ್‌ಸ್ಟಾಗ್ರಾಂ ರೀಲ್ಸ್‌ನಲ್ಲಿ ನಡೆಯುವ ಕನ್ನಡದ ಹಾಸ್ಯ ಸರಣಿಗಳಲ್ಲಿ ಬಹುಪಾಲು ಈ ಅಚ್ಚಿನವು. 2020ರ ಜೂನ್ 29ರಂದು ಭಾರತದಲ್ಲಿ ಟಿಕ್‌ಟಾಕ್ ನಿಷೇಧವಾದ ಮೇಲೆ ಅದೇ ವರ್ಷ ರೀಲ್ಸ್ ಮತ್ತು ಶಾರ್ಟ್ಸ್ ಎರಡೂ ಇಲ್ಲಿಗೆ ಬಂದವು. ಮೊದಲು ಒಂದು ನಿಮಿಷಕ್ಕಷ್ಟೇ ಸೀಮಿತವಾಗಿದ್ದ ಶಾರ್ಟ್ಸ್ 2024ರ ಅಕ್ಟೋಬರ್‌ನಿಂದ ಮೂರು ನಿಮಿಷದವರೆಗೂ ಇರಬಹುದಾಯಿತು. 2025ರ ಜನವರಿಯಲ್ಲಿ ರೀಲ್ಸ್ ಕೂಡ ಆ ಮಿತಿಗೆ ಬಂತು. ಕಥೆ ಹೇಳುವಷ್ಟು ಜಾಗ ಸಿಕ್ಕಿದೆ. ಆದರೆ ಕಥೆಯನ್ನು ತಿಂಗಳಿಡೀ ತಪ್ಪದೆ ನಡೆಸುವುದು ಬೇರೆಯೇ ಕೆಲಸ. ಯಾವ ದಿನ ಯಾವ ಕಂತು, ಅದರಲ್ಲಿ ಯಾರ ಪಾತ್ರ, ಅದರ ಶೂಟಿಂಗ್ ಯಾವಾಗ ಎಂಬುದನ್ನು ಒಂದೇ ಹಾಳೆಯಲ್ಲಿ ಬರೆದಿಡುವ ತಿಂಗಳ ಕ್ಯಾಲೆಂಡರ್ ಈ ಕೆಲಸದ ಮುಖ್ಯ ಸಾಧನ.

ಕಂತುಗಳು ಸಾಲಾಗಿ ಸಿಗುವುದಿಲ್ಲ

ಟಿವಿ ಧಾರಾವಾಹಿಯ ಪ್ರೇಕ್ಷಕರು ಸೋಮವಾರದ ಕಂತು ನೋಡಿ ಮಂಗಳವಾರದ್ದಕ್ಕೆ ಕಾಯುತ್ತಾರೆ. ಕಿರುವಿಡಿಯೊದಲ್ಲಿ ಹಾಗಲ್ಲ. ಯಾರಿಗೆ ಯಾವ ವಿಡಿಯೊ ತೋರಿಸಬೇಕೆಂದು ಆ್ಯಪ್ ನಿರ್ಧರಿಸುತ್ತದೆ. ಒಬ್ಬರಿಗೆ ಎಂಟನೆಯ ಕಂತು ಮೊದಲು ಕಂಡು, ಮೂರನೆಯದು ಒಂದು ವಾರದ ನಂತರ ಕಾಣಬಹುದು. ಉಳಿದವು ಕಾಣದೆಯೇ ಹೋಗಬಹುದು. ಕ್ಯಾಲೆಂಡರ್ ಹಾಕುವಾಗ ಪಾಲಿಸುವ ಹೆಚ್ಚಿನ ನಿಯಮಗಳಿಗೆ ಈ ಒಂದು ಸಂಗತಿಯೇ ಕಾರಣ.

ಮೊದಲನೆಯದಾಗಿ, ಪ್ರತಿ ಕಂತೂ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಹಿಂದಿನದನ್ನು ನೋಡದವರಿಗೂ ಅದರ ನಗು ದಕ್ಕಬೇಕು, ನೋಡಿದವರಿಗೆ ಇನ್ನಷ್ಟು ಹೆಚ್ಚು ದಕ್ಕಬೇಕು. ಎರಡನೆಯದಾಗಿ, ಕಂಡ ಕೂಡಲೇ ಪಾತ್ರದ ಗುರುತು ಸಿಗಬೇಕು. ಹೆಗಲ ಮೇಲಿನ ಟವೆಲ್, ಸೆರಗಿಗೆ ಕಟ್ಟಿದ ಬೀಗದ ಕೈ ಗೊಂಚಲು, ಮುಖಕ್ಕೆ ಅಡ್ಡ ಹಿಡಿದ ದಿನಪತ್ರಿಕೆ, ಇಂಥ ಒಂದೊಂದು ಗುರುತು ಪ್ರತಿ ಪಾತ್ರಕ್ಕೂ ಬೇಕಾಗುವುದು ಇದಕ್ಕೇ. ಮೂರನೆಯದಾಗಿ, ಎಲ್ಲ ಕಂತುಗಳನ್ನೂ ಒಂದೇ ಕಥೆಯ ಸರಪಳಿಗೆ ಸಿಕ್ಕಿಸಬಾರದು. ಹದಿಮೂರು ಕಂತೂ ಒಂದಕ್ಕೊಂದು ಜೋತುಬಿದ್ದಿದ್ದರೆ ನಡುವೆ ಬಂದ ಹೊಸಬರಿಗೆ ಎಲ್ಲಿ ನೋಡಿದರೂ ಅರ್ಧ ಕಥೆಯೇ ಸಿಗುತ್ತದೆ.

ಈ ಕಾರಣಕ್ಕೆ ತಿಂಗಳ ಕಂತುಗಳನ್ನು ಮೂರು ಬಗೆಯಾಗಿ ಹಂಚುತ್ತಾರೆ. ತಿಂಗಳ ಮುಖ್ಯ ಕಥೆಯನ್ನು ಮುಂದಕ್ಕೆ ತಳ್ಳುವ 'ಎಳೆಯ ಕಂತು' ಒಂದು. ಹಬ್ಬ, ಮಳೆ, ಪರೀಕ್ಷೆ, ಮದುವೆಯ ಕಾಲ ಮುಂತಾದವುಗಳಿಂದ ಹುಟ್ಟಿ ಅಲ್ಲಿಗೇ ಮುಗಿಯುವ 'ಋತುವಿನ ಕಂತು' ಇನ್ನೊಂದು. ಏನನ್ನೂ ಬರೆಯದೆ ಬಿಡುವ 'ಖಾಲಿ ಮನೆ' ಮೂರನೆಯದು. ವಾರಕ್ಕೆ ಮೂರು ಕಂತು ಹಾಕುವ ಸರಣಿಯಲ್ಲಿ ತಿಂಗಳಿಗೆ ಐದು ಎಳೆಯ ಕಂತು, ಆರು ಋತುವಿನ ಕಂತು, ಎರಡು ಖಾಲಿ ಮನೆ ಎಂಬುದು ಅನುಕೂಲದ ಲೆಕ್ಕ.

ಎಷ್ಟು ಕಂತು ಸಾಧ್ಯ

ದಿನಾಂಕ ತುಂಬುವ ಮೊದಲು ಗಂಟೆಗಳನ್ನು ಲೆಕ್ಕ ಹಾಕಬೇಕು. ಒಂದು ನಿಮಿಷದ ಮಾತಿನ ಕಂತಿಗೆ ಸುಮಾರು ನೂರರಿಂದ ನೂರಿಪ್ಪತ್ತು ಪದಗಳ ಸಂಭಾಷಣೆ ಸಾಕು. ನಗು, ನೋಟ, ಮೌನಕ್ಕೂ ಜಾಗ ಬೇಕಾದ್ದರಿಂದ ಅದಕ್ಕಿಂತ ಹೆಚ್ಚಾದರೆ ನಟರು ಓಡಬೇಕಾಗುತ್ತದೆ. ಇಷ್ಟನ್ನು ಬರೆದು ತಿದ್ದಲು ಎರಡು ಗಂಟೆ, ಬೆಳಕು ಹೊಂದಿಸಿ ಶೂಟ್ ಮಾಡಲು ಎರಡೂವರೆ ಗಂಟೆ, ಎಡಿಟಿಂಗ್, ಧ್ವನಿ, ಪರದೆಯ ಮೇಲಿನ ಅಕ್ಷರಗಳಿಗೆ ನಾಲ್ಕು ಗಂಟೆ ಎಂದು ಹಿಡಿದರೆ ಒಂದು ಕಂತಿಗೆ ಎಂಟೂವರೆ ಗಂಟೆಯ ಕೆಲಸವಾಯಿತು. ಹದಿಮೂರು ಕಂತಿಗೆ 110 ಗಂಟೆ. ಬೇರೆ ಉದ್ಯೋಗವಿದ್ದೂ ವಾರಾಂತ್ಯದಲ್ಲಿ ವಿಡಿಯೊ ಮಾಡುವ ಮೂವರ ತಂಡ ಇದನ್ನು ಕಷ್ಟಪಟ್ಟು ಹೊರಬಹುದು. ವಾರಕ್ಕೆ ಐದು ಕಂತು ಎಂದರೆ ತಿಂಗಳಿಗೆ 21 ಕಂತು, ಸುಮಾರು 180 ಗಂಟೆ. ಅದು ಒಬ್ಬರ ಪೂರ್ಣಾವಧಿ ಉದ್ಯೋಗಕ್ಕೆ ಸಮ.

ಕಂತು ಹೆಚ್ಚಾದಷ್ಟೂ ಹೆಚ್ಚು ಜನಕ್ಕೆ ತಲುಪುತ್ತದೆ ಎಂದು ಹೊರಟವರು ಈ ಲೆಕ್ಕವನ್ನೇ ಮರೆತಿರುತ್ತಾರೆ. ಪರಿಣಾಮ ಸಾಮಾನ್ಯವಾಗಿ ಮೂರನೆಯ ವಾರದಲ್ಲಿ ಕಾಣಿಸುತ್ತದೆ. ಮೊದಲು ಸ್ಕ್ರಿಪ್ಟ್ ತೆಳುವಾಗುತ್ತದೆ. ಬಳಿಕ ಒಂದೇ ಪಾತ್ರ, ಒಂದೇ ಕೋಣೆ, ಒಂದೇ ಬಗೆಯ ಜಗಳ ಸುತ್ತುತ್ತವೆ. ಕೊನೆಗೆ ಹತ್ತು ದಿನ ಸದ್ದಿಲ್ಲ.

ಪಾತ್ರಗಳ ಲೆಕ್ಕಪುಸ್ತಕ

ಮುಂದಿನ ವಿವರಗಳಿಗೆ ಬೆಂಗಳೂರಿನ ಹಳೆಯ ಬಡಾವಣೆಯೊಂದರ ಮನೆಯನ್ನೇ ರಂಗಸ್ಥಳ ಮಾಡಿಕೊಂಡ ಕಲ್ಪಿತ ಸರಣಿಯೊಂದನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ತಂಡದಲ್ಲಿ ಮೂವರು. ಪಾತ್ರಗಳು ನಾಲ್ಕು. ಮನೆಯ ಓನರ್ ಶಾರದಮ್ಮ, ಬೀಗದ ಕೈ ಗೊಂಚಲಿನ ಒಡತಿ. ಅವರ ಪತಿ, ನಿವೃತ್ತ ರಾಯರು, ಸದಾ ಪತ್ರಿಕೆಯ ಹಿಂದೆ. ಮಹಡಿಯ ಮೇಲಿನ ಬಾಡಿಗೆದಾರ, ಹುಬ್ಬಳ್ಳಿಯ ಬಸು. ಕೆಳಗಿನ ದಿನಸಿ ಅಂಗಡಿಯ ಮಂಜಣ್ಣ. ಬಸು ಮತ್ತು ಮಂಜಣ್ಣ ಇಬ್ಬರನ್ನೂ ಒಬ್ಬ ನಟನೇ ಮಾಡುತ್ತಾನೆ. ರಾಯರ ಮುಖ ಎಂದೂ ಕಾಣುವುದಿಲ್ಲ. ಪತ್ರಿಕೆ ಹಿಡಿದ ಎರಡು ಕೈ ಮತ್ತು ಧ್ವನಿ ಕ್ಯಾಮೆರಾ ನೋಡಿಕೊಳ್ಳುವವನದು. ಕಡಿಮೆ ಜನರಲ್ಲಿ ಹೆಚ್ಚು ಪಾತ್ರ ತೋರಿಸುವ ಇಂಥ ಉಪಾಯಗಳು ಕಿರುವಿಡಿಯೊದಲ್ಲಿ ಸರ್ವೇಸಾಮಾನ್ಯ. ಆದರೆ ಅವು ಕ್ಯಾಲೆಂಡರಿಗೆ ಕಟ್ಟುಪಾಡುಗಳನ್ನೂ ತರುತ್ತವೆ. ಬಸು ಮತ್ತು ಮಂಜಣ್ಣ ಮುಖಾಮುಖಿಯಾಗುವ ಕಂತಿಗೆ ಎರಡು ಸಲ ವೇಷ, ಎರಡು ಸಲ ಶೂಟಿಂಗ್ ಬೇಕು. ಹಾಗಾಗಿ ಅಂಥ ಕಂತು ತಿಂಗಳಿಗೆ ಒಂದೋ ಎರಡೋ ಇದ್ದರೆ ಸಾಕು.

ಕ್ಯಾಲೆಂಡರಿನ ಪಕ್ಕದಲ್ಲೇ ಪ್ರತಿ ಪಾತ್ರಕ್ಕೂ ಮೂರು ಸಾಲು ಬರೆದಿಡುತ್ತಾರೆ. ಆ ಪಾತ್ರಕ್ಕೆ ಏನು ಬೇಕು, ಅದು ಯಾವುದಕ್ಕೆ ಹೆದರುತ್ತದೆ, ಈವರೆಗೆ ಅದರ ಬಗ್ಗೆ ಏನೇನು ಹೇಳಿ ಆಗಿದೆ. ಶಾರದಮ್ಮನಿಗೆ ಬಾಡಿಗೆ ಏರಬೇಕು, ಆದರೆ ಮನೆ ಖಾಲಿ ಬೀಳುವ ಭಯ. ಬಸುವಿಗೆ ಅದೇ ಮನೆ ಬೇಕು, ಕೇಳಲು ಸಂಕೋಚ. ರಾಯರಿಗೆ ಮನೆಯಲ್ಲಿ ಸದ್ದು ಇರಬಾರದು, ತಪ್ಪು ತನ್ನದೆಂದು ಗೊತ್ತಾಗಬಾರದು. ಮೂರನೆಯ ಸಾಲು ತಪ್ಪು ಹಿಡಿಯಲು ಬೇಕು. ಮಾರ್ಚ್‌ನಲ್ಲಿ ಬಸುವಿಗೆ ಈರುಳ್ಳಿ ಆಗದು ಎಂದಿದ್ದರೆ ಆಗಸ್ಟ್‌ನಲ್ಲಿ ಅವನು ಈರುಳ್ಳಿ ಬಜ್ಜಿ ತಿನ್ನಬಾರದು. ಇಂಥದನ್ನು ಪ್ರೇಕ್ಷಕರು ಬಹಳ ಬೇಗ ಹಿಡಿಯುತ್ತಾರೆ.

ಈ ಪುಸ್ತಕಕ್ಕೆ ಇನ್ನೊಂದು ಉಪಯೋಗವಿದೆ. ಮಾತು ಮಾತಿಗೂ ಬೀಗದ ಕೈ ಅಲ್ಲಾಡಿಸುವ ಓನರಮ್ಮ ಎರಡು ತಿಂಗಳಲ್ಲಿ ಹಳಸುತ್ತಾಳೆ. ತಿಂಗಳಿಗೊಮ್ಮೆಯಾದರೂ ಪ್ರತಿ ಪಾತ್ರವೂ ತನ್ನ ಗುಣಕ್ಕೆ ವಿರುದ್ಧವಾದ, ಆದರೆ ನಂಬುವಂಥ ಒಂದು ಕೆಲಸ ಮಾಡಬೇಕು ಎಂಬುದನ್ನು ಕ್ಯಾಲೆಂಡರಿನಲ್ಲೇ ಗುರುತಿಸಿಟ್ಟರೆ ಪಾತ್ರ ಒಂದೇ ಚಾಳಿಗೆ ಕುಗ್ಗುವುದಿಲ್ಲ.

ಮೊದಲು ಹಬ್ಬ, ಆಮೇಲೆ ಕಥೆ

ಖಾಲಿ ಹಾಳೆಯ ಮೇಲೆ ಮೊದಲು ಬರುವುದು ಬದಲಾಗದ ದಿನಗಳು. 2025ರ ಆಗಸ್ಟ್ ತಿಂಗಳನ್ನೇ ತೆಗೆದುಕೊಂಡರೆ, 8ರ ಶುಕ್ರವಾರ ವರಮಹಾಲಕ್ಷ್ಮಿ, 15ರ ಶುಕ್ರವಾರ ಸ್ವಾತಂತ್ರ್ಯ ದಿನ, 26ರ ಮಂಗಳವಾರ ಗೌರಿ, 27ರ ಬುಧವಾರ ಗಣೇಶ ಚೌತಿ. ಕಂತು ಹಾಕುವ ದಿನಗಳು ಮಂಗಳವಾರ, ಗುರುವಾರ, ಶನಿವಾರ ಎಂದಾದರೆ 2ರಿಂದ 30ರವರೆಗೆ ಹದಿಮೂರು ಮನೆಗಳು ಸಿಗುತ್ತವೆ.

ಹಬ್ಬದ ಕಂತನ್ನು ಹಬ್ಬದ ದಿನವೇ ಹಾಕುವುದು ಸಾಮಾನ್ಯವಾಗಿ ತಡವಾದಂತೆಯೇ. ಕಿರುವಿಡಿಯೊ ಹಾಕಿದ ಕೂಡಲೇ ಎಲ್ಲರಿಗೂ ತಲುಪುವುದಿಲ್ಲ. ಆ್ಯಪ್ ಮೊದಲು ಕೆಲವರಿಗೆ ತೋರಿಸಿ, ಅವರು ಪೂರ್ತಿ ನೋಡಿದರೋ ಬೆರಳಾಡಿಸಿ ದಾಟಿಹೋದರೋ ಎಂದು ಗಮನಿಸಿ ಆಮೇಲೆ ಹರಡುತ್ತದೆ. ಇದಕ್ಕೆ ಒಂದೆರಡು ದಿನ ಹಿಡಿಯಬಹುದು. ಅಷ್ಟರಲ್ಲಿ ಹಬ್ಬ ಮುಗಿದಿರುತ್ತದೆ. ಜನ ಹಬ್ಬದ ಮಾತನ್ನು ಹೆಚ್ಚಾಗಿ ಆಡುವುದೂ ಹಬ್ಬದ ಹಿಂದಿನ ವಾರದಲ್ಲೇ. ಹೂವಿನ ರೇಟು, ಬಾಳೆಕಂದು, ಯಾರ ಮನೆಗೆ ಕರೆದರು ಯಾರ ಮನೆಗೆ ಕರೆಯಲಿಲ್ಲ ಎಂಬ ಲೆಕ್ಕ, ಇವೆಲ್ಲ ಸಿದ್ಧತೆಯ ದಿನಗಳ ಸರಕು. ಆದ್ದರಿಂದ ದೊಡ್ಡ ಹಬ್ಬಕ್ಕೆ ಮೂರು ಮನೆ ಕೊಡುವುದು ವಾಡಿಕೆ. ಮೂರ್ನಾಲ್ಕು ದಿನ ಮೊದಲು ಸಿದ್ಧತೆಯದು, ಹಿಂದಿನ ದಿನ ಸಡಗರದ್ದು, ಹಬ್ಬದ ಮಾರನೆಯ ದಿನ ಉಳಿದದ್ದರದು.

ಕಥೆಯ ಎಳೆಯೂ ಆದಷ್ಟೂ ಕಾಲಮಾನದಿಂದಲೇ ಹುಟ್ಟಬೇಕು. ಆಷಾಢದಲ್ಲಿ ಮನೆ ಬದಲಿಸುವವರು ಕಡಿಮೆ. 2025ರಲ್ಲಿ ಆಷಾಢ ಮುಗಿದು ಜುಲೈ 25ಕ್ಕೆ ಶ್ರಾವಣ ಶುರುವಾಯಿತು. ಗೇಟಿನ ಮೇಲೆ ಟು-ಲೆಟ್ ಬೋರ್ಡು ಏಳುವ ಕಾಲ ಅದು. ಬಾಡಿಗೆ ಕರಾರು ರೂಢಿಯಂತೆ ಹನ್ನೊಂದು ತಿಂಗಳಿನದು. ಬಸುವಿನ ಅಗ್ರಿಮೆಂಟ್ ಆಗಸ್ಟ್ 31ಕ್ಕೆ ಮುಗಿಯುತ್ತದೆ ಎಂದಿಟ್ಟರೆ ತಿಂಗಳ ಕಥೆಗೆ ಆರಂಭ, ಗಡುವು, ಆತಂಕ ಮೂರೂ ಒಟ್ಟಿಗೆ ಸಿಕ್ಕಿಬಿಡುತ್ತವೆ. ಇನ್ನು ಬೇಕಾದ್ದು ಒಂದು ಪ್ರಶ್ನೆ. ಈ ಮನೆ ಖಾಲಿಯಿದೆ ಎಂದು ಬ್ರೋಕರ್‌ಗೆ ಹೇಳಿದವರು ಯಾರು?

ಹದಿಮೂರು ಮನೆಗಳು ತುಂಬುವ ಬಗೆ

2ರ ಶನಿವಾರ ಎಳೆಯ ಮೊದಲ ಕಂತು. ಶಾರದಮ್ಮ ಬೀರುವಿನಿಂದ ಅಗ್ರಿಮೆಂಟ್ ತೆಗೆದು ದಿನ ಎಣಿಸುತ್ತಾರೆ. ಮಹಡಿಯಲ್ಲಿ ಬಸು ಫೋನಿನಲ್ಲಿ ಬೇರೆ ಮನೆಗಳ ಬಾಡಿಗೆ ನೋಡಿ ಬೆಚ್ಚುತ್ತಾನೆ. ಇಬ್ಬರೂ ಮೆಟ್ಟಿಲ ಮೇಲೆ ಎದುರಾಗಿ ಮಳೆಯ ವಿಷಯ ಮಾತಾಡಿ ಹೋಗುತ್ತಾರೆ. 5ರ ಮಂಗಳವಾರ ಮಂಜಣ್ಣನ ಅಂಗಡಿಯಲ್ಲಿ ಕನಕಾಂಬರದ ಚೌಕಾಸಿ. ಇದು ಸ್ವತಂತ್ರ ಕಂತು. 7ರ ಗುರುವಾರ, ಹಬ್ಬದ ಮುನ್ನಾದಿನ, ಬಸು ಬಾಳೆಕಂದು ಹೊತ್ತು ಮೆಟ್ಟಿಲು ಹತ್ತುತ್ತಾನೆ. ಬಾಡಿಗೆಯ ಮಾತೆತ್ತಲು ಬಂದ ಶಾರದಮ್ಮ ಅವನ ಬೆವರು ನೋಡಿ ಸುಮ್ಮನಾಗುತ್ತಾರೆ. ಅವರು ತಮ್ಮ ಗುಣಕ್ಕೆ ವಿರುದ್ಧವಾಗಿ ನಡೆಯುವ ತಿಂಗಳ ಒಂದು ಕ್ಷಣ ಇದು. 9ರಂದು ಉಳಿದ ಒಬ್ಬಟ್ಟು ಮತ್ತು ಕೋಸಂಬರಿಯನ್ನು ಸಾಗಹಾಕುವ ಪಾಡು. ಒಂದೇ ವಾರದಲ್ಲಿ ಮೂರು ಋತುವಿನ ಕಂತು ಬಂದದ್ದರಿಂದ ಮುಂದಿನ ಮನೆ ಎಳೆಗೆ ಮೀಸಲು.

12ರ ಮಂಗಳವಾರ ತಿಂಗಳ ಮೊದಲ ತಿರುವು. ಬಸು ಬ್ರೋಕರ್ ಜೊತೆ ಮನೆ ನೋಡಲು ಹೊರಡುತ್ತಾನೆ. ಗಲ್ಲಿ ಗಲ್ಲಿ ಸುತ್ತಿಸಿದ ಬ್ರೋಕರ್ ಕೊನೆಗೆ ತಂದು ನಿಲ್ಲಿಸುವುದು ಶಾರದಮ್ಮನ ಗೇಟಿನ ಮುಂದೆ. "ಇದ ಮನೀನ? ಇದರಾಗ ನಾನಾ ಇದ್ದೀನಲ್ರೀ!" ಎಂಬ ಒಂದು ಮಾತಿಗೆ ಕಂತು ಮುಗಿಯುತ್ತದೆ. ಹಿಂದಿನ ಯಾವ ಕಂತನ್ನೂ ನೋಡದವರಿಗೂ ಇದು ಪೂರ್ತಿ ಅರ್ಥವಾಗುತ್ತದೆ. ನೋಡಿದವರಿಗೆ ಯಾರ ಕೆಲಸ ಇದು ಎಂಬ ಪ್ರಶ್ನೆ ಉಳಿಯುತ್ತದೆ. ಎಳೆಯ ಕಂತು ಸರಿಯಾಗಿದೆಯೇ ಎಂದು ನೋಡಲು ಇದೇ ಒರೆಗಲ್ಲು.

14ರ ಗುರುವಾರ ತಾರಸಿಯ ಮೇಲೆ ಬಾವುಟ ಕಟ್ಟುವ ಪ್ರಸಂಗ. ಸಂಜೆಯಾದ ಮೇಲೆ ಬಾವುಟ ಇಳಿಸಲೇಬೇಕೆಂದು ರಾಯರು ಪತ್ರಿಕೆಯ ಹಿಂದಿನಿಂದ ಗದರುತ್ತಾರೆ. 2022ರ ಜುಲೈ ತಿದ್ದುಪಡಿಯ ನಂತರ ಮನೆಯ ಮೇಲೆ ಹಗಲಿರುಳೂ ಹಾರಿಸಬಹುದೆಂದು ಬಸು ಫೋನ್ ತೋರಿಸುತ್ತಾನೆ. ಹೀಗೆ ನಿಯಮದ ವಿಷಯ ಬರುವ ಕಂತುಗಳಿಗೆ ಕ್ಯಾಲೆಂಡರಿನಲ್ಲಿ 'ಪರಿಶೀಲಿಸಬೇಕು' ಎಂದು ಗುರುತು ಹಾಕುವುದು ಒಳ್ಳೆಯದು. 15 ಶುಕ್ರವಾರವಾದ್ದರಿಂದ ಮೂರು ದಿನ ಸಾಲು ರಜೆ. ನಟರು ಊರಿಗೆ ಹೋಗುವುದು ಖಚಿತ. ಹಾಗಾಗಿ 16 ಖಾಲಿ ಮನೆ.

19ರ ಮಂಗಳವಾರ ಎಳೆ ಮಗ್ಗುಲು ಬದಲಿಸುತ್ತದೆ. ಯಾರೋ ಮನೆ ನೋಡಲು ಬಂದು ಬಾಗಿಲು ಬಡಿಯುತ್ತಾರೆ, ಅವರ ಧ್ವನಿ ಮಾತ್ರ ಕೇಳುತ್ತದೆ. ಬ್ರೋಕರ್‌ಗೆ ಹೇಳಿದವನು ಬಸುವೇ, ಹೇಳದೆ ಕೇಳದೆ ಮನೆ ಬಿಡಲು ಹೊರಟಿದ್ದಾನೆ ಎಂದು ಶಾರದಮ್ಮ ತಿಳಿಯುತ್ತಾರೆ. ತನ್ನನ್ನು ಬಿಡಿಸಲು ಹೊರಟವರು ಅವರೇ ಎಂದು ಬಸು 12ರಿಂದಲೂ ತಿಳಿದಿದ್ದಾನೆ. 21 ಎರಡನೆಯ ಖಾಲಿ ಮನೆ. 23ರ ಶನಿವಾರ ಬಡಾವಣೆಯ ಹುಡುಗರ ಗಣೇಶನ ಚಂದಾ ವಸೂಲಿ, 26ರ ಮಂಗಳವಾರ ಗೌರಿ ಬಾಗಿನ. ಬಾಗಿನದ ಕಂತಿನಲ್ಲಿ ಎಳೆ ಒಂದೇ ಮಾತಿನಲ್ಲಿ ಇಣುಕಿ ಹೋಗುತ್ತದೆ. ಬಸುವಿನ ತಾಯಿಗೂ ಒಂದು ಮೊರ ತೆಗೆದಿಟ್ಟ ಶಾರದಮ್ಮ, ಈ ವರ್ಷವೇ ಕೊನೆಯೇನೋ ಎನ್ನುತ್ತಾರೆ.

28ರ ಗುರುವಾರದ ಕಂತಿಗೆ ಚೌತಿಯೇ ಕಥೆಯನ್ನು ಕೊಡುತ್ತದೆ. ಚೌತಿಯ ಚಂದ್ರನನ್ನು ನೋಡಿದವರಿಗೆ ಸುಳ್ಳು ಅಪವಾದ ತಪ್ಪದು, ಶ್ಯಮಂತಕ ಮಣಿಯ ವಿಷಯದಲ್ಲಿ ಕೃಷ್ಣನಿಗೂ ತಪ್ಪಲಿಲ್ಲ ಎಂಬ ನಂಬಿಕೆ ಮನೆಮನೆಯಲ್ಲಿದೆ. ಒಣಹಾಕಿದ ಬಟ್ಟೆ ತರಲು ರಾತ್ರಿ ತಾರಸಿಗೆ ಹೋದ ಬಸು ತಲೆ ಎತ್ತಿಬಿಡುತ್ತಾನೆ. ಬೆಳಗಾದರೆ ಬ್ರೋಕರ್‌ನ ವಿಷಯದಲ್ಲಿ ಎಲ್ಲ ತಪ್ಪೂ ಅವನ ತಲೆಗೆ. ತಿಂಗಳಿಡೀ ಬೆಳೆದ ತಪ್ಪು ತಿಳಿವಳಿಕೆ ಹಬ್ಬದ ನಂಬಿಕೆಯೊಳಗೇ ಸ್ಫೋಟಗೊಳ್ಳುತ್ತದೆ. ಋತು ಮತ್ತು ಎಳೆ ಇಲ್ಲಿ ಒಂದಾದ್ದರಿಂದ ತಿಂಗಳ ಅತ್ಯಂತ ಗಟ್ಟಿ ಕಂತು ಇದೇ. 30ರ ಶನಿವಾರ ಪತ್ರಿಕೆಯ ಹಿಂದಿನಿಂದ ಕೆಮ್ಮು ಕೇಳುತ್ತದೆ. ಮೂರು ತಿಂಗಳ ಹಿಂದೆ ಮಹಡಿಯ ಸದ್ದು ತಾಳಲಾರದೆ ಬ್ರೋಕರ್‌ಗೆ ಫೋನ್ ಮಾಡಿ ಮರೆತವರು ರಾಯರು. ಹೊಸ ಅಗ್ರಿಮೆಂಟಿಗೆ ಸಹಿ ಬೀಳುತ್ತದೆ, ಬಾಡಿಗೆ ಸ್ವಲ್ಪ ಏರುತ್ತದೆ.

ಎಳೆಯ ಕಂತುಗಳು 2, 12, 19, 28, 30ರಂದು ಬಂದಿವೆ. ಮೊದಲ ಎರಡರ ನಡುವೆ ಅಂತರ ಹೆಚ್ಚು, ಕೊನೆಯ ಎರಡರ ನಡುವೆ ಎರಡೇ ದಿನ. ಗಂಟು ಬಿಗಿಯುವ ಹೊತ್ತಿಗೆ ಕಾಯುವ ಅವಧಿ ಕಡಿಮೆಯಾಗಬೇಕು. ಆರಂಭದಲ್ಲಿ ಆತುರವಿಲ್ಲ.

ಶೂಟಿಂಗ್ ದಿನದಿಂದ ಹಿಂದಕ್ಕೆ

ಹದಿಮೂರು ಕಂತನ್ನು ಹದಿಮೂರು ದಿನ ಶೂಟ್ ಮಾಡುವವರಿಲ್ಲ. ಟಿವಿ ಧಾರಾವಾಹಿಯವರಂತೆ ಮೊದಲೇ ಮಾಡಿಟ್ಟುಕೊಳ್ಳುವ 'ಬ್ಯಾಂಕಿಂಗ್' ಇಲ್ಲೂ ಇದೆ. ಉದಾಹರಣೆಯ ತಂಡ 14ರವರೆಗಿನ ಆರು ಕಂತುಗಳನ್ನು ಜುಲೈ 19 ಮತ್ತು 20ರ ವಾರಾಂತ್ಯದಲ್ಲಿ, 19ರಿಂದ 30ರವರೆಗಿನ ಐದನ್ನು ಆಗಸ್ಟ್ 9 ಮತ್ತು 10ರಂದು ಮಾಡುತ್ತದೆ. ಸ್ಕ್ರಿಪ್ಟುಗಳು ಶೂಟಿಂಗಿಗೆ ಒಂದು ವಾರ ಮೊದಲು ಮುಗಿದಿರಬೇಕು. ಎಡಿಟಿಂಗ್ ಕಂತಿನ ದಿನಕ್ಕೆ ಮೂರು ದಿನ ಮೊದಲು ಮುಗಿದಿರಬೇಕು. ಸಿದ್ಧವಾದ ವಿಡಿಯೊ ದಿನ, ಹೊತ್ತು ಗೊತ್ತುಮಾಡಿದಂತೆ ತಾನಾಗಿ ಪ್ರಕಟವಾಗುವ ಸೌಲಭ್ಯ ಯೂಟ್ಯೂಬ್ ಸ್ಟುಡಿಯೊದಲ್ಲೇ ಇದೆ.

ಶೂಟಿಂಗ್ ಕಂತಿನ ಕ್ರಮದಲ್ಲಿ ನಡೆಯುವುದಿಲ್ಲ. ವೇಷ ಮತ್ತು ಜಾಗದ ಕ್ರಮದಲ್ಲಿ ನಡೆಯುತ್ತದೆ. ಮಂಜಣ್ಣನ ಟವೆಲ್ ಹೆಗಲಿಗೇರಿದ ಮೇಲೆ ಅವನ ಎಲ್ಲ ಮಾತುಗಳೂ ಒಂದೇ ಸಲ ಮುಗಿಯಬೇಕು. ಮೆಟ್ಟಿಲಿನ ದೃಶ್ಯಗಳು ಬೆಳಗಿನ ಬೆಳಕಿರುವಾಗ, ಅಡುಗೆಮನೆಯವು ಮಧ್ಯಾಹ್ನ. ಮಳೆಗಾಲವಾದ್ದರಿಂದ ತಾರಸಿಯ ದೃಶ್ಯಗಳಿಗೆ ಪರ್ಯಾಯವಾಗಿ ಮೆಟ್ಟಿಲಿನ ತುದಿಯನ್ನು ಗೊತ್ತುಮಾಡಿಟ್ಟಿರಬೇಕು.

ಇಲ್ಲಿ ಹೆಚ್ಚು ಜನ ಎಡವುವುದು ಹಬ್ಬದ ಸಾಮಾನಿನ ವಿಷಯದಲ್ಲಿ. ವರಮಹಾಲಕ್ಷ್ಮಿಯ ಕಂತು ಶೂಟ್ ಆಗುವುದು ಹಬ್ಬಕ್ಕೆ ಸುಮಾರು ಮೂರು ವಾರ ಮೊದಲು. ಆಗಿನ್ನೂ ಹೂವಿನ ಬೆಲೆ ಏರಿರುವುದಿಲ್ಲ. ಸಂಭಾಷಣೆಯಲ್ಲಿ ಒಂದು ಅಂಕಿ ಹೇಳಿದರೆ ಹಬ್ಬದ ವಾರದಲ್ಲಿ ಅದು ತಪ್ಪಾಗಿ ಕೇಳುತ್ತದೆ. ಆದ್ದರಿಂದ ಬೆಲೆ ಹೇಳದೆ, ಬೆಲೆ ಕೇಳಿದ ಶಾರದಮ್ಮನ ಮುಖ ತೋರಿಸಬೇಕು. ಆಗಸ್ಟ್ 10ಕ್ಕೆ ಒಳ್ಳೆಯ ಮಣ್ಣಿನ ಗಣಪ ಸಿಗುವ ಖಾತ್ರಿಯಿಲ್ಲ. ಹಾಗಾಗಿ ಗಣಪ ಕಾಣಲೇಬೇಕಾದ ದೃಶ್ಯ ಬರೆಯದೆ, ಮಂಟಪ ಕಟ್ಟುವ ಗಲಾಟೆ ಬರೆಯುವುದು ಜಾಣತನ. ವರಮಹಾಲಕ್ಷ್ಮಿ ಮುಗಿದ ಮಾರನೆಯ ದಿನವೇ ಎರಡನೆಯ ಶೂಟಿಂಗ್ ಇಟ್ಟಿರುವುದಕ್ಕೂ ಕಾರಣವಿದೆ. ಮನೆಯಲ್ಲಿ ತೋರಣ, ಬಾಳೆಕಂದು, ಹೂವು ಇನ್ನೂ ಇರುತ್ತವೆ. ಗೌರಿಯ ಕಂತಿಗೆ ಅವೇ ಒದಗುತ್ತವೆ. ಸಂಭಾಷಣೆಯಲ್ಲಿ ದಿನಾಂಕ, ಇಸವಿ ಬರದಂತೆ ನೋಡಿಕೊಂಡರೆ ಋತುವಿನ ಕಂತು ಮುಂದಿನ ವರ್ಷವೂ ಬಳಕೆಗೆ ಬರುತ್ತದೆ.

ಖಾಲಿ ಮನೆಗಳನ್ನು ಕೊನೆಯವರೆಗೂ ಖಾಲಿ ಬಿಡುವುದಿಲ್ಲ. ಆ ವಾರ ಏನಾದರೂ ಸುದ್ದಿಯಾದರೆ, ಪ್ರೇಕ್ಷಕರು ಕಾಮೆಂಟಿನಲ್ಲಿ ಒಂದು ಪಾತ್ರವನ್ನು ಪದೇ ಪದೇ ಕೇಳಿದರೆ ಅರ್ಧ ದಿನದಲ್ಲಿ ಮಾಡಬಹುದಾದ ಕಂತು ಅಲ್ಲಿಗೆ ಬರುತ್ತದೆ. ನಟನಿಗೆ ಜ್ವರ ಬಂದರೆ ಮುಂದಿನ ಕಂತು ಅಲ್ಲಿಗೆ ಸರಿಯುತ್ತದೆ. ಎರಡೂ ಆಗದಿದ್ದರೆ ಹಿಂದಿನ ತುಣುಕುಗಳಿಂದ ಬ್ರೋಕರ್‌ನ ಒಗಟನ್ನು ನೆನಪಿಸುವ ಕಂತು ಸಾಕು.

ಸಂಗೀತ, ಜಾಹೀರಾತು

ಹಬ್ಬದ ಕಂತಿಗೆ ಭಕ್ತಿಗೀತೆ ಹಾಕುವ ಆಸೆ ಸಹಜ. ಹಾಡು ಹಳೆಯದಾದರೂ ಅದರ ಧ್ವನಿಮುದ್ರಣದ ಹಕ್ಕು ಕಂಪನಿಯದಾಗಿರುತ್ತದೆ. ಒಂದು ನಿಮಿಷ ಮೀರಿದ ಶಾರ್ಟ್ಸ್‌ನಲ್ಲಿ ಹಕ್ಕುಸ್ವಾಮ್ಯದ ಆಕ್ಷೇಪ ಬಿದ್ದ ಸಂಗೀತವಿದ್ದರೆ ಯೂಟ್ಯೂಬ್ ಆ ವಿಡಿಯೊವನ್ನೇ ತಡೆಹಿಡಿಯುತ್ತದೆ. ಅದಕ್ಕೇ ಅನೇಕ ಸರಣಿಗಳು ಒಂದು ನಿಮಿಷದೊಳಗೇ ಇರುತ್ತವೆ, ಇಲ್ಲವೇ ತಮ್ಮದೇ ಒಂದು ಸಣ್ಣ ರಾಗ ಮಾಡಿಸಿಕೊಂಡು ಪ್ರತಿ ಕಂತಿಗೂ ಬಳಸುತ್ತವೆ. ಆ ರಾಗ ಸರಣಿಯ ಗುರುತೂ ಆಗುತ್ತದೆ.

ಹಬ್ಬದ ತಿಂಗಳಲ್ಲಿ ಸೀರೆ, ಸಿಹಿತಿಂಡಿ, ಅಗರಬತ್ತಿಯವರು ಜಾಹೀರಾತಿಗೆ ಬರುತ್ತಾರೆ. ಹಣ ಪಡೆದು ಮಾಡಿದ ಕಂತಿನಲ್ಲಿ ಅದು ಜಾಹೀರಾತು ಎಂದು ಸ್ಪಷ್ಟವಾಗಿ ತಿಳಿಸಬೇಕೆಂಬುದು ಭಾರತದ ಜಾಹೀರಾತು ಮಾನದಂಡ ಮಂಡಳಿಯ 2021ರ ಮಾರ್ಗಸೂಚಿ. ಗ್ರಾಹಕ ವ್ಯವಹಾರಗಳ ಇಲಾಖೆಯೂ 2023ರಲ್ಲಿ ಇಂಥದೇ ಸೂಚನೆ ಹೊರಡಿಸಿದೆ. ಕ್ಯಾಲೆಂಡರಿನಲ್ಲಿ ಜಾಹೀರಾತಿಗೆ ಋತುವಿನ ಕಂತನ್ನೇ ಕೊಡಬೇಕು, ಎಳೆಯ ಕಂತನ್ನಲ್ಲ. ಜಾಹೀರಾತುದಾರರ ಒಪ್ಪಿಗೆ ತಡವಾದಾಗ ಋತುವಿನ ಕಂತು ಹಿಂದೆ ಮುಂದೆ ಸರಿಯಬಲ್ಲದು. ಎಳೆ ಸರಿದರೆ ತಿಂಗಳ ಕಥೆಯೇ ಕುಸಿಯುತ್ತದೆ.

ತಿಂಗಳ ಕೊನೆಯ ಓದು

ಕಂತು ಹಾಕಿದ ಮಾರನೆಯ ದಿನವೇ ಅಂಕಿ ನೋಡಿ ತೀರ್ಮಾನಿಸಬಾರದು. ಪ್ರತಿ ಕಂತನ್ನೂ ಏಳು ದಿನದ ನಂತರ ನೋಡಿ ಹೋಲಿಸಿದರೆ ಮಾತ್ರ ನ್ಯಾಯ. ವೀಕ್ಷಣೆಯ ಸಂಖ್ಯೆಯೊಂದನ್ನೇ ನಂಬುವಂತೆಯೂ ಇಲ್ಲ. 2025ರ ಮಾರ್ಚ್ 31ರಿಂದ ಶಾರ್ಟ್ಸ್ ಪರದೆಯಲ್ಲಿ ಶುರುವಾದರೆ ಸಾಕು, ಅದು ಒಂದು ವೀಕ್ಷಣೆ ಎಂದು ಯೂಟ್ಯೂಬ್ ಎಣಿಸುತ್ತಿದೆ. ಹೆಚ್ಚು ಹೇಳುವುದು ಎರಡು ಸಂಗತಿಗಳು. ನಿಂತು ನೋಡಿದವರು ಮತ್ತು ದಾಟಿಹೋದವರ ಪ್ರಮಾಣ ಒಂದು. ಕಂತಿನ ಯಾವ ಸೆಕೆಂಡಿನಲ್ಲಿ ಎಷ್ಟು ಜನ ಉಳಿದಿದ್ದಾರೆಂದು ತೋರುವ ಗೆರೆ ಇನ್ನೊಂದು.

ಆ ಗೆರೆ ಮೊದಲ ಮೂರು ಸೆಕೆಂಡಿನಲ್ಲೇ ಬಿದ್ದರೆ ಆರಂಭ ಸಪ್ಪೆ. ಪಾತ್ರ ಗುರುತಾಗುವ ಮೊದಲೇ ಜನ ಹೋಗಿದ್ದಾರೆ. ಎಳೆಯ ಕಂತುಗಳಲ್ಲಿ ಮಾತ್ರ ಐದಾರನೆಯ ಸೆಕೆಂಡಿಗೆ ಬಿದ್ದು, ಋತುವಿನ ಕಂತುಗಳಲ್ಲಿ ಬೀಳದಿದ್ದರೆ ಹಿಂದಿನ ಕಥೆ ಹೇಳುವ ಭಾಗ ಉದ್ದವಾಗಿದೆ ಎಂದರ್ಥ. ಹಿಂದಿನ ಕಥೆಗೆ ಒಂದು ಮಾತಿಗಿಂತ ಹೆಚ್ಚು ಕೊಡಬಾರದು. ಗೆರೆ ಕೊನೆಯವರೆಗೂ ಚೆನ್ನಾಗಿದ್ದು, ಮುಂದಿನ ಕಂತಿಗೆ ಮಾತ್ರ ಜನ ಬರದಿದ್ದರೆ ಕಂತು ಪ್ರಶ್ನೆ ಉಳಿಸದೆ ಮುಗಿದಿದೆ.

ಕಾಮೆಂಟುಗಳೂ ಒಂದು ಅಳತೆ. "ಮುಂದಿನದು ಯಾವಾಗ?" ಎಂದು ಕೇಳಿದರೆ ಎಳೆ ಹಿಡಿದಿದೆ. "ಮೊದಲನೆಯದು ಎಲ್ಲಿದೆ?" ಎಂಬ ಪ್ರಶ್ನೆಯೇ ಹೆಚ್ಚಾದರೆ ಕಂತು ತನ್ನಷ್ಟಕ್ಕೆ ಅರ್ಥವಾಗುತ್ತಿಲ್ಲ, ದಾರಿಯೂ ಕಾಣುತ್ತಿಲ್ಲ. ಕಂತುಗಳನ್ನು ಒಂದು ಪ್ಲೇಲಿಸ್ಟ್‌ಗೆ ಸೇರಿಸಿ, ಪ್ರತಿ ಶಾರ್ಟ್ಸ್‌ನಲ್ಲೂ ಹಿಂದಿನ ಕಂತಿಗೆ ಕೊಂಡಿ ಕೊಡುವುದು ಇದಕ್ಕೆ ಪರಿಹಾರ. ಶೀರ್ಷಿಕೆಯಲ್ಲಿ 'ಭಾಗ 8' ಎಂದು ಮೊದಲೇ ಬರೆದರೆ ಹೊಸಬರು ಒಳಗೇ ಬರುವುದಿಲ್ಲ. ಪ್ರಸಂಗದ ಹೆಸರು ಮೊದಲು, ಸಂಖ್ಯೆ ಕೊನೆಗೆ.

ಈ ಓದಿನಿಂದ ಮುಂದಿನ ತಿಂಗಳ ಹಂಚಿಕೆ ಬದಲಾಗುತ್ತದೆ. 2025ರ ಸೆಪ್ಟೆಂಬರಿನ ಎರಡನೆಯ ಮತ್ತು ಮೂರನೆಯ ವಾರ ಪಿತೃಪಕ್ಷ, ಹಬ್ಬಗಳಿಲ್ಲ. ಅಲ್ಲಿ ಎಳೆಯ ಕಂತು ಹೆಚ್ಚಬೇಕು. 22ರಿಂದ ನವರಾತ್ರಿ, ಗೊಂಬೆ ಕೂರಿಸುವ ಸಂಭ್ರಮ, ಅಲ್ಲಿ ಋತುವಿನ ಕಂತು ಹೆಚ್ಚಬೇಕು.

ಒಂದು ವರ್ಷದ ಕ್ಯಾಲೆಂಡರನ್ನು ಮುಂದಿನ ವರ್ಷಕ್ಕೆ ಹಾಗೇ ನಕಲು ಮಾಡಲಾಗದು. ಚಾಂದ್ರಮಾನದ ಹಬ್ಬಗಳು ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತವೆ, ಅಧಿಕಮಾಸ ಬಂದ ವರ್ಷ ಒಮ್ಮೆಗೇ ಮುಂದಕ್ಕೆ ಹೋಗುತ್ತವೆ. 2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದ ಗಣೇಶ ಚೌತಿ ಆಗಸ್ಟ್ ದಾಟಿ ಸೆಪ್ಟೆಂಬರ್ 14ಕ್ಕೆ ಬೀಳುತ್ತದೆ. ಹಾಳೆಯಲ್ಲಿ ಉಳಿಸಿಕೊಳ್ಳಬೇಕಾದ್ದು ಅಂತರಗಳನ್ನು. ಹಬ್ಬಕ್ಕೆ ಮೂರು ವಾರ ಮೊದಲು ಶೂಟಿಂಗ್, ಅದಕ್ಕೆ ಒಂದು ವಾರ ಮೊದಲು ಸ್ಕ್ರಿಪ್ಟ್, ಹಬ್ಬಕ್ಕೆ ಮೂರ್ನಾಲ್ಕು ದಿನ ಮೊದಲು ಮೊದಲ ಕಂತು. ದಿನಾಂಕವನ್ನು ಪಂಚಾಂಗ ನೋಡಿಯೇ ಹಾಕಬೇಕು.